ಲಂಡನ್–ಸಿಡ್ನಿ ಅಂತರ: 11, 10, 9

“ಲಂಡನ್‌ಗೂ ಸಿಡ್ನಿಗೂ ಒಮ್ಮೆ 11 ಗಂಟೆ, ಒಮ್ಮೆ 9 ಗಂಟೆ ಅಂತರ. ಗಡಿಯಾರ ತಿರುಗಿಸೋದು ಒಂದೇ ಗಂಟೆ ತಾನೇ?”

ಒಂದೇ ಗಂಟೆ, ಆದರೆ ಎರಡೂ ಊರಿನಲ್ಲಿ, ವಿರುದ್ಧ ದಿಕ್ಕಿಗೆ. ಬೇಸಿಗೆಯ ಸಂಜೆ ಬೆಳಕು ಜಾಸ್ತಿ ಸಿಗಲಿ ಅಂತ ಗಡಿಯಾರ ಮುಂದಿಡುತ್ತಾರೆ. ಲಂಡನ್‌ನಲ್ಲಿ ಬೇಸಿಗೆ ಬಂದಾಗ ಸಿಡ್ನಿಯಲ್ಲಿ ಚಳಿಗಾಲ, ಅಲ್ವಾ? ಹಾಗಾಗಿ ಒಬ್ಬರು ಮುಂದೆ ಹೋದರೆ ಇನ್ನೊಬ್ಬರು ಹಿಂದೆ ಬರುತ್ತಾರೆ.

2025ನ್ನೇ ನೋಡಿ. ಜನವರಿಯಲ್ಲಿ ಸಿಡ್ನಿ 11 ಗಂಟೆ ಮುಂದಿತ್ತು. ಮಾರ್ಚ್ 30ಕ್ಕೆ ಲಂಡನ್ ಮುಂದೆ ಸರಿಯಿತು, ಅಂತರ 10 ಆಯಿತು. ಏಪ್ರಿಲ್ 6ಕ್ಕೆ ಸಿಡ್ನಿ ಹಿಂದೆ ಸರಿಯಿತು, 9 ಆಯಿತು. ಅಕ್ಟೋಬರ್ 5ಕ್ಕೆ ಸಿಡ್ನಿ ಮತ್ತೆ ಮುಂದೆ ಹೋಗಿ 10, ಅಕ್ಟೋಬರ್ 26ಕ್ಕೆ ಲಂಡನ್ ಹಿಂದೆ ಬಂದು ಮತ್ತೆ 11.

ಜನ ಎಡವುವುದು ಈ ನಡುವಿನ 10ರಲ್ಲೇ. ಮಾರ್ಚ್ ಕೊನೆಗೆ ಅದು ಒಂದೇ ವಾರ ಇರುತ್ತದೆ, ಅಕ್ಟೋಬರ್‌ನಲ್ಲಿ ಮೂರ್ನಾಲ್ಕು ವಾರ. ಲಂಡನ್‌ನ ಬೆಳಿಗ್ಗೆ 9ರ ಮೀಟಿಂಗ್ ಸಿಡ್ನಿಯವರಿಗೆ ಜನವರಿಯಲ್ಲಿ ರಾತ್ರಿ 8ಕ್ಕೆ, ಜುಲೈನಲ್ಲಿ ಸಂಜೆ 6ಕ್ಕೆ. ಸುಮ್ನೆ ‘11 ಕೂಡಿಸು’ ಅಂತ ನೆನಪಿಟ್ಟರೆ ಕೆಟ್ಟಿರಿ.

ಅಂದಹಾಗೆ, ಬ್ರಿಸ್ಬೇನ್‌ನಲ್ಲಿ ಗಡಿಯಾರ ಮುಟ್ಟುವುದೇ ಇಲ್ಲ. ಅಲ್ಲಿಗೆ ಲಂಡನ್‌ನಿಂದ 10 ಅಥವಾ 9, ಅಷ್ಟೇ.