ಹೆಸರಲ್ಲಿ ತರಕಾರಿ, ಮಾರೋದು ಸೆನ್ಸರ್

ಪ್ರಶ್ನೆ: ತುಮಕೂರಿನಲ್ಲಿ ಮನೆಮನೆಗೆ ಎಳನೀರು ತಲುಪಿಸುವ ಆ್ಯಪ್ ಮಾಡಿದ್ದೆವು, ನಡೆಯಲಿಲ್ಲ. ಈಗ ಅಪಾರ್ಟ್‌ಮೆಂಟುಗಳಿಗೆ ಲೆಕ್ಕಪತ್ರದ ಸಾಫ್ಟ್‌ವೇರ್ ಮಾರುತ್ತಿದ್ದೇವೆ. ಕಂಪನಿ ಹೆಸರಲ್ಲಿ ‘ಎಳನೀರು’ ಇದೆ. ಹೆಸರು, ಲೋಗೋ ಬದಲಿಸಬೇಕಾ?

ನಾವು ಕೋಲಾರದವರು. ರೈತರಿಂದ ಟೊಮೆಟೊ ಕೊಂಡು ಬೆಂಗಳೂರಿನ ಹೋಟೆಲುಗಳಿಗೆ ಕಳಿಸುತ್ತಿದ್ದೆವು, ಹೆಸರಲ್ಲೇ ‘ತರಕಾರಿ’ ಇತ್ತು. ಕೈಸುಟ್ಟುಕೊಂಡ ಮೇಲೆ, ರೇಷ್ಮೆ ಹುಳುಗಳನ್ನ ಮರಿಯಲ್ಲಿ ಸಾಕಿ ರೈತರಿಗೆ ಕೊಡುವ ಚಾಕಿ ಕೇಂದ್ರಗಳ ತಾಪ, ತೇವಾಂಶ ಅಳೆದು ಫೋನಿಗೆ ಎಚ್ಚರಿಕೆ ಕಳಿಸುವ ಸಾಧನಕ್ಕೆ ಇಳಿದೆವು. ಶಿಡ್ಲಘಟ್ಟದ ಕಡೆ ಫೋನ್ ಮಾಡಿ ಹೆಸರು ಹೇಳಿದರೆ ಸಾಕು, "ತರಕಾರಿ ಬೇಡಪ್ಪ" ಅಂತ ಇಟ್ಟುಬಿಡೋರು.

ಹೊಸ ಹೆಸರು ಹುಡುಕೋ ಮೊದಲು ಹಳೇ ಹೆಸರು ಯಾರಿಗೆ ನೆನಪಿದೆ ಅಂತ ವಿಚಾರಿಸಿದೆವು. ಹೋಟೆಲಿನವರಿಗೆ ಚೆನ್ನಾಗಿ ನೆನಪಿತ್ತು, ಆದರೆ ಅವರು ಇನ್ನು ನಮ್ಮ ಗಿರಾಕಿಗಳಲ್ಲ. ರೈತರಲ್ಲಿ ಎಷ್ಟೋ ಜನ ಹಿಪ್ಪುನೇರಳೆಯನ್ನೂ ಬೆಳೆಯೋರು, ಅಂದರೆ ನಮಗೆ ಬೇಕಾದವರು ಅವರೇ. ಅವರಲ್ಲಿ ಒಬ್ಬರೂ ಹೆಸರು ಹೇಳಲಿಲ್ಲ. "ಹಸಿರು ಕ್ರೇಟಿನೋರಾ? ಸಂಜೇಗೇ ದುಡ್ಡು ಹಾಕ್ತಿದ್ರಲ್ಲ!" ಅಂದರು. ಹಾಗಾಗಿ ಹೆಸರು ಬಿಟ್ಟೆವು. ಹಸಿರು ಬಣ್ಣ, ಹಳೇ ಫೋನ್ ನಂಬರ್ ಉಳಿಸಿಕೊಂಡೆವು.

ಬದಲಿಸಿದ್ದು ಬೋರ್ಡಿನ ಹೆಸರು ಮಾತ್ರ. ನೋಂದಣಿಯಾದ ಕಂಪನಿ ಹೆಸರು ಬದಲಿಸೋಕೆ ಷೇರುದಾರರ ವಿಶೇಷ ನಿರ್ಣಯ, ರಿಜಿಸ್ಟ್ರಾರ್ ಒಪ್ಪಿಗೆ ಬೇಕು. ಆಮೇಲೆ ಬ್ಯಾಂಕು, ಜಿಎಸ್‌ಟಿ, ಪ್ಯಾನ್ ಎಲ್ಲದರಲ್ಲೂ ತಿದ್ದುಪಡಿ. ಸಾಲದ್ದಕ್ಕೆ 2 ವರ್ಷ ಹಳೇ ಹೆಸರನ್ನೂ ಬೋರ್ಡು, ಬಿಲ್ಲುಗಳಲ್ಲಿ ಹಾಕಬೇಕು. ಈ ಓಡಾಟ ಬೇಡ ಅಂದುಕೊಂಡೆವು, ಅಲ್ಲೇ ಒಂದು ಎಡವಟ್ಟಾಯಿತು. ಚಾಕಿ ಕೇಂದ್ರದ ಯಜಮಾನರೊಬ್ಬರು ಯುಪಿಐ ಮಾಡುವಾಗ ಪರದೆ ಮೇಲೆ ‘ತರಕಾರಿ’ ಕಂಡು, ಮೋಸ ಇರಬಹುದು ಅಂತ ದುಡ್ಡು ತಡೆದರು. ತಪ್ಪು ನಮ್ಮದೇ. ಆಮೇಲೆ ಬಿಲ್ಲಿನಲ್ಲಿ ಎರಡೂ ಹೆಸರು ಒಟ್ಟಿಗೆ ಅಚ್ಚು ಹಾಕಿಸಿದೆವು.

ಇನ್ನೊಂದು, ಟ್ರೇಡ್‌ಮಾರ್ಕ್ ಸಿಗೋದು ವರ್ಗವಾರು. ತಾಜಾ ತರಕಾರಿ 31ನೇ ವರ್ಗ, ನಮ್ಮ ಸಾಧನ 9ನೇ ವರ್ಗ. ನಿಮ್ಮದು ಆನ್‌ಲೈನ್‌ನಲ್ಲೇ ನಡೆಯುವ ಸಾಫ್ಟ್‌ವೇರ್ ಆದರೆ ಸಾಮಾನ್ಯವಾಗಿ 42. ಹಾಗಾಗಿ ಹಳೇ ಹೆಸರನ್ನೇ ಇಟ್ಟುಕೊಂಡರೂ ಹೊಸ ವರ್ಗದಲ್ಲಿ ಬೇರೆಯವರು ಅದನ್ನ ಹಿಡಿದಿದ್ದಾರಾ ನೋಡಿ, ಬೇರೆ ಅರ್ಜಿ ಹಾಕಬೇಕು.

ಅವಸರ ಬೇಡ. ಆಫೀಸಿನವರು ಮಾತಾಡಿಕೊಳ್ಳೋ ಆ್ಯಪ್ ಸ್ಲ್ಯಾಕ್ ಮಾಡಿದ ಕಂಪನಿಯ ಹೆಸರು ಮೊದಲು ಟೈನಿ ಸ್ಪೆಕ್ ಅಂತಿತ್ತು. ಅವರ ಆನ್‌ಲೈನ್ ಆಟ ಗ್ಲಿಚ್ 2012ರಲ್ಲಿ ಮುಚ್ಚಿತು. ಸ್ಲ್ಯಾಕ್ ಜನರ ಕೈಗೆ ಸಿಕ್ಕಿದ್ದು 2014ರಲ್ಲಿ, ಕಂಪನಿಗೂ ಆ ಹೆಸರು ಬಂದಿದ್ದು ಅದೇ ವರ್ಷ. ನಾವೂ ಹತ್ತು ಚಾಕಿ ಕೇಂದ್ರಗಳು ಎರಡನೇ ಸಲ ದುಡ್ಡು ಕಟ್ಟುವವರೆಗೆ ಬೋರ್ಡು ಮುಟ್ಟಲಿಲ್ಲ. ಇನ್ನೊಮ್ಮೆ ದಂಧೆ ಬದಲಾದರೆ ಅಂತ ಹೊಸ ಹೆಸರಲ್ಲಿ ‘ರೇಷ್ಮೆ’ಯನ್ನೂ ಸೇರಿಸಲಿಲ್ಲ.

ನಿಮ್ಮ ಎಳನೀರು ತರಿಸಿಕೊಂಡವರೇ ಈಗಿನ ಅಪಾರ್ಟ್‌ಮೆಂಟ್ ಸಂಘಗಳಲ್ಲಿ ಇದ್ದಾರಾ? ಇದ್ದರೆ ಮೊದಲು ಅವರನ್ನ ಕೇಳಿ. ಹಳೇ ಡೊಮೇನ್ ಮಾತ್ರ ಬಿಡಬೇಡಿ; ನಮ್ಮದಕ್ಕೆ ಈಗಲೂ ಒಂದು ಹೋಟೆಲಿನಿಂದ ಟೊಮೆಟೊ ದರ ಕೇಳಿ ಮೇಲ್ ಬರುತ್ತೆ.