ದಿನದ ಲೀಟರ್ ಬೇಡ, ಬೆಳಗ್ಗೆ ಏಳು ಗಂಟೆಯ ಲೀಟರ್ ಬರೆಯಿರಿ

ಪ್ರಶ್ನೆ: ನಾನು ಹಾಸ್ಟೆಲ್ ವಾರ್ಡನ್. ಮೇಲಿನ ಮಹಡಿಗೆ ನೀರಿನ ಪ್ರೆಶರ್ ಇಲ್ಲ. 2 ಎಚ್‌ಪಿ ಬೂಸ್ಟರ್ ಪಂಪ್ ಕೊಡಿಸಿ ಎಂದು ಮ್ಯಾನೇಜ್‌ಮೆಂಟಿಗೆ ಪತ್ರ ಬರೆಯಬೇಕು. ನೀರಿನ ಬೇಡಿಕೆ, ಪ್ರೆಶರ್ ಲೆಕ್ಕ ಹೇಗೆ ಹಾಕುವುದು? ಮಾದರಿ ಪತ್ರ ಇದ್ದರೆ ಕೊಡಿ.

ಉತ್ತರ:

ಇದೇ ಪತ್ರವನ್ನು ನಾನು ಎರಡು ಸಲ ಬರೆದಿದ್ದೇನೆ. ಮೊದಲನೇ ಪತ್ರಕ್ಕೆ ಪಂಪ್ ಬಂತು, ನೀರು ಬರಲಿಲ್ಲ.

ದಾವಣಗೆರೆಯಲ್ಲಿ ಒಂದು ಹೆಣ್ಣುಮಕ್ಕಳ ಹಾಸ್ಟೆಲ್ ನೋಡಿಕೊಳ್ಳುತ್ತಿದ್ದೆ. ನೆಲಮಹಡಿ ಸೇರಿ ನಾಲ್ಕು ಅಂತಸ್ತು, 192 ಹುಡುಗಿಯರು. ಮೇಲಿನ ಅಂತಸ್ತಿನವರು ದಿನಾ ಬೆಳಗ್ಗೆ ಬಕೆಟ್ ಹಿಡಿದುಕೊಂಡು ಕೆಳಗೆ ಬರುತ್ತಿದ್ದರು. "ಮೇಡಂ, ಬಕೆಟ್ ತುಂಬೋ ಹೊತ್ತಿಗೆ ಬಸ್ ಹೋಗಿರುತ್ತೆ" ಅನ್ನುತ್ತಿದ್ದರು.

ನಾನು ಬಹಳ ಅಚ್ಚುಕಟ್ಟಾಗಿ ಪತ್ರ ಬರೆದೆ. ಹಾಸ್ಟೆಲ್‌ಗೆ ತಲೆಗೆ ದಿನಕ್ಕೆ 135 ಲೀಟರ್ ಎಂದು ಐಎಸ್ 1172 ಎಂಬ ಭಾರತೀಯ ಮಾನದಂಡದಲ್ಲಿ ಇದೆ. 192 ಜನಕ್ಕೆ 25,920 ಲೀಟರ್. ಇಷ್ಟು ಬರೆದು ಸಹಿ ಹಾಕಿದೆ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಅದು ಟ್ಯಾಂಕ್ ಎಷ್ಟು ದೊಡ್ಡದಿರಬೇಕು ಅನ್ನುವುದರ ಲೆಕ್ಕ. ಪಂಪ್‌ನ ಲೆಕ್ಕವೇ ಅಲ್ಲ.

ಆಫೀಸಿನಲ್ಲಿ ಕೂತವರಿಗೆ ನನ್ನ ಪತ್ರದಲ್ಲಿ ಸಿಕ್ಕಿದ್ದು ಆ ಒಂದೇ ಅಂಕಿ. ಅದನ್ನು 24 ಗಂಟೆಗೆ ಭಾಗಿಸಿದರು. ಗಂಟೆಗೆ 1,080 ಲೀಟರ್, ಅಂದರೆ ನಿಮಿಷಕ್ಕೆ 18. "ಸ್ವಲ್ಪ ಜಾಸ್ತಿನೇ ಇರಲಿ" ಎಂದು ನಿಮಿಷಕ್ಕೆ 30 ಲೀಟರ್ ಕೊಡುವ ಅರ್ಧ ಎಚ್‌ಪಿ ಪಂಪ್ ತಂದರು. ಮನೆಗೆ ಹಾಕುವಂಥದ್ದು. ಅವರ ಮೇಲೆ ಸಿಟ್ಟು ಮಾಡಿಕೊಳ್ಳುವ ಹಾಗಿಲ್ಲ, ಭಾಗಿಸಲು ಅಂಕಿ ಕೊಟ್ಟವಳು ನಾನೇ.

ಹಾಸ್ಟೆಲ್‌ನಲ್ಲಿ ಯಾರೂ ರಾತ್ರಿ ಎರಡು ಗಂಟೆಗೆ ಸ್ನಾನ ಮಾಡುವುದಿಲ್ಲ. ಆರೂವರೆಯಿಂದ ಏಳೂಮುಕ್ಕಾಲರ ಒಳಗೆ ಎಲ್ಲ ನಲ್ಲಿಗಳೂ ಒಟ್ಟಿಗೆ ತೆರೆದಿರುತ್ತವೆ. ಪಂಪ್‌ಗೆ ಪರೀಕ್ಷೆ ಆ ಹೊತ್ತಿನಲ್ಲಿ. ಆಮೇಲೆ ಅಳೆದಾಗ ಗೊತ್ತಾಯಿತು: ಪಂಪ್ ಇಲ್ಲದಿದ್ದಾಗ ಮೇಲಿನ ಅಂತಸ್ತಿಗೆ ಬೆಳಗ್ಗೆ ನಿಮಿಷಕ್ಕೆ ಸುಮಾರು 33 ಲೀಟರ್ ತಾನಾಗಿಯೇ ಇಳಿಯುತ್ತಿತ್ತು. ಅದರ ದಾರಿಗೆ ನಾವು 30 ಲೀಟರ್ ಪಂಪನ್ನು ಅಡ್ಡ ಇಟ್ಟಿದ್ದೆವು! ಅದು ಒಂದು ಕ್ಷಣವೂ ನಿಲ್ಲದೆ ಓಡಿ, ಬಿಸಿಯಾಗಿ, ಟ್ರಿಪ್ ಆಗುತ್ತಿತ್ತು. ಟ್ರಿಪ್ ಆದಮೇಲೆ ಪಂಪ್ ಒಳಗಿಂದ ತೊಟ್ಟಿಕ್ಕಿದಷ್ಟೇ ನೀರು. ಮತ್ತೆ ಪಂಪ್ ಕೇಳಲು ಹೋದರೆ "ಹೋದ ವರ್ಷ ಕೊಟ್ಟಿದ್ದೆವಲ್ಲ" ಎಂಬ ಉತ್ತರ. ಅದಕ್ಕೇ ಎಂಟು ತಿಂಗಳು ಹೋಯಿತು.

ಹಾಗಾಗಿ ಪತ್ರದಲ್ಲಿ 2 ಎಚ್‌ಪಿ ಎಂದು ಬರೆಯಲೇಬೇಡಿ. ಎಚ್‌ಪಿ ಅಂಗಡಿಯವರ ಮಾತು. ನಿಮಿಷಕ್ಕೆ ಎಷ್ಟು ಲೀಟರ್, ಎಷ್ಟು ಮೀಟರ್ ಎತ್ತರದ ಒತ್ತಡ, ಇವೆರಡು ಬರೆಯಿರಿ. ಎಚ್‌ಪಿ ತಾನಾಗಿ ಬರುತ್ತದೆ. ಇನ್ನೊಂದು ಮಾತು, ನಿಮಗೆ ಹಿಡಿಸದಿರಬಹುದು: ನಿಮಗೆ ಮೊದಲು ಬೇಕಿರುವುದು ಪಂಪ್ ಅಲ್ಲದೆಯೂ ಇರಬಹುದು. ನನ್ನ ಕಥೆಯಲ್ಲಿ ಹಾಗೇ ಆಯಿತು.

ಎರಡನೇ ಸಲ ಮೂರು ದಿನ ಬೆಳಗ್ಗೆ ಮೇಲಿನ ಅಂತಸ್ತಿನಲ್ಲೇ ನಿಂತೆ. ಐದೈದು ನಿಮಿಷಕ್ಕೆ ಎಷ್ಟು ನಲ್ಲಿ ತೆರೆದಿವೆ ಎಂದು ಎಣಿಸಿದೆ. ಜಾಸ್ತಿ ಅಂದರೆ ಒಟ್ಟಿಗೆ 11. ಆಗ 15 ಲೀಟರ್ ಬಕೆಟ್ ತುಂಬಲು ಐದು ನಿಮಿಷ, ಅಂದರೆ ನಲ್ಲಿಗೆ ನಿಮಿಷಕ್ಕೆ 3 ಲೀಟರ್. ನೆಲಮಹಡಿಯಲ್ಲಿ ಎರಡು ನಿಮಿಷ ಸಾಕಿತ್ತು. ನಲ್ಲಿಗೆ 7 ಲೀಟರ್ ಸಿಕ್ಕರೆ ಯಾರೂ ದೂರುವುದಿಲ್ಲ ಎಂದುಕೊಂಡೆ. 11 ನಲ್ಲಿಗೆ 77, ಸುಮಾರು 80. ನನ್ನ ಬೇಡಿಕೆ ಇದು. 18 ಎಲ್ಲಿ, 80 ಎಲ್ಲಿ!

ಪ್ರೆಶರ್ ಅಳೆಯಲು ನಮ್ಮ ಪ್ಲಂಬರ್ ಒಂದು ಉಪಾಯ ಹೇಳಿಕೊಟ್ಟ. ಗಾರೆಯವರ ಲೆವೆಲ್ ಟ್ಯೂಬ್ ಇರುತ್ತದಲ್ಲ, ಪಾರದರ್ಶಕವಾದದ್ದು, ಅದನ್ನು ಒಂದು ನಲ್ಲಿಗೆ ಸಿಕ್ಕಿಸಿ ನಲ್ಲಿ ತೆರೆದು, ಟ್ಯೂಬನ್ನು ಗೋಡೆಗೆ ನೇರವಾಗಿ ಮೇಲಕ್ಕೆ ಹಿಡಿಯುವುದು. ನೀರು ಎಷ್ಟು ಎತ್ತರಕ್ಕೆ ಏರಿ ನಿಲ್ಲುತ್ತದೋ ಅಷ್ಟೇ ಒತ್ತಡ. ಹತ್ತು ಮೀಟರ್ ಏರಿದರೆ ಪ್ಲಂಬರುಗಳು ಹೇಳುವ ಒಂದು ಕೆ.ಜಿ. ಪ್ರೆಶರ್. ಬೆಳಗ್ಗೆ ಏಳಕ್ಕೆ ನೋಡಿದರೆ ಬರೀ 1.1 ಮೀಟರ್. ಶವರ್ ಇದ್ದದ್ದು ಆ ನಲ್ಲಿಯಿಂದ 1.35 ಮೀಟರ್ ಮೇಲೆ. ಶವರ್ ಯಾಕೆ ಬರುವುದಿಲ್ಲ ಎಂದು ಇನ್ನು ಯಾರನ್ನೂ ಕೇಳಬೇಕಾಗಿರಲಿಲ್ಲ.

ಮಧ್ಯಾಹ್ನ ಮೂರಕ್ಕೆ, ಎಲ್ಲ ನಲ್ಲಿ ಮುಚ್ಚಿದಾಗ, ಗೇಜ್ ಹಾಕಿ ನೋಡಿದೆವು. ಸುಮಾರು 0.44 ಕೆ.ಜಿ., ಅಂದರೆ 4.4 ಮೀಟರ್. ಟ್ಯಾಂಕಿನ ನೀರಿನ ಮಟ್ಟಕ್ಕೂ ನಲ್ಲಿಗೂ ಟೇಪ್ ಹಿಡಿದರೂ ಹೆಚ್ಚುಕಡಿಮೆ ಅಷ್ಟೇ. ಮಧ್ಯಾಹ್ನದ ಅಂಕಿಯೊಂದನ್ನೇ ಬರೆದರೆ ಪ್ರಯೋಜನವಿಲ್ಲ, ಅದು ಟ್ಯಾಂಕಿನ ಎತ್ತರವನ್ನಷ್ಟೇ ಹೇಳುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಕಳ್ಳ ಸಿಗುತ್ತಾನೆ. 4.4ರಲ್ಲಿ 3.3 ಮೀಟರ್ ದಾರಿಯಲ್ಲೇ ಹೋಗುತ್ತಿತ್ತು. ದಾರಿ ಅಂದರೆ ಟೆರೇಸಿನಿಂದ ಇಳಿಯುವ ಹಳೆಯ ಒಂದು ಇಂಚಿನ ಜಿಐ ಪೈಪು. ಬೋರ್‌ವೆಲ್ ನೀರು, ಒಳಗೆ ಸುಣ್ಣ ಕಟ್ಟಿತ್ತು.

ಇಲ್ಲೊಂದು ಲೆಕ್ಕ ನೋಡಿ. ಪೈಪಿನಲ್ಲಿ ನೀರು ಎರಡು ಪಟ್ಟಾದರೆ ನಷ್ಟ ಸುಮಾರು ನಾಲ್ಕು ಪಟ್ಟಾಗುತ್ತದೆ. 33 ಲೀಟರ್‌ಗೆ 3.3 ಮೀಟರ್ ನಷ್ಟವಾದರೆ 77 ಲೀಟರ್‌ಗೆ ಸುಮಾರು 18 ಮೀಟರ್. ಅಂದರೆ ದೊಡ್ಡ ಪಂಪ್ ತಂದರೂ ಅದರ ಶಕ್ತಿಯೆಲ್ಲ ಆ ಪೈಪಿಗೇ ಹೋಗುತ್ತಿತ್ತು. ಅದೇ ಪೈಪನ್ನು ಒಂದೂವರೆ ಇಂಚು ಮಾಡಿದರೆ ನಷ್ಟ ಏಳರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಎರಡೂವರೆ ಮೀಟರ್.

ಹಾಗಾಗಿ ಎರಡನೇ ಪತ್ರದ ನಡುಭಾಗ ಹೀಗಿತ್ತು:

"ಮೇಲಿನ ಅಂತಸ್ತಿನಲ್ಲಿ ಬೆಳಗ್ಗೆ 6.30ರಿಂದ 7.45ರವರೆಗೆ ಒಟ್ಟಿಗೆ 11 ನಲ್ಲಿಗಳು ಬಳಕೆಯಲ್ಲಿರುತ್ತವೆ. ಬೇಕಾದ ಹರಿವು ನಿಮಿಷಕ್ಕೆ 80 ಲೀಟರ್, ಈಗ ಸಿಗುತ್ತಿರುವುದು 33. ನಲ್ಲಿಗಳು ಮುಚ್ಚಿದಾಗ ಒತ್ತಡ 4.4 ಮೀಟರ್, ಬಳಕೆಯ ಹೊತ್ತಿನಲ್ಲಿ 1.1 ಮೀಟರ್. ಆದ್ದರಿಂದ ಮೊದಲು ಇಳಿಪೈಪನ್ನು ಒಂದೂವರೆ ಇಂಚಿಗೆ ಬದಲಿಸಬೇಕು. ಅದಾದ ಮೇಲೆ ಈ ಅಂತಸ್ತಿನ ಲೈನಿಗೆ ಮಾತ್ರ ನಿಮಿಷಕ್ಕೆ 80 ಲೀಟರ್ ಹರಿವಿನಲ್ಲಿ 12 ಮೀಟರ್ ಒತ್ತಡ ಕೊಡುವ ಪಂಪ್, ಅದು ನಿಂತಾಗ ನೀರು ಪಕ್ಕದಿಂದ ಇಳಿಯಲು ಬೈಪಾಸ್ ಲೈನ್ ಸಮೇತ, ಮಂಜೂರು ಮಾಡಬೇಕಾಗಿ ಕೋರುತ್ತೇನೆ."

12 ಹೇಗೆ ಬಂತು ಅಂದರೆ, ಶವರ್ ಬಾಯಲ್ಲಿ 10 ಮೀಟರ್ ಇರಲಿ, ಶವರ್ ಎತ್ತರ 1.35, ಪೈಪಿನ ನಷ್ಟ 2.5. ಟ್ಯಾಂಕ್ ತಾನೇ ಕೊಡುವ 4.4 ಕಳೆಯಿರಿ. ಒಂಬತ್ತೂವರೆ ಬರುತ್ತದೆ, ಮೇಲೆ ಸ್ವಲ್ಪ ಹೆಚ್ಚಿಗೆ ಸೇರಿಸಿ 12 ಮಾಡಿದೆ. ಅದಕ್ಕೆ ಒಂದು ಎಚ್‌ಪಿ ಪಂಪೇ ಸಾಕಾಯಿತು. ಕೆಳಗಿನ ಅಂತಸ್ತುಗಳಿಗೆ ಪಂಪ್ ಬೇಕಿರಲೇ ಇಲ್ಲ, ಅವಕ್ಕೆ ಎತ್ತರವೇ ಪ್ರೆಶರ್ ಕೊಡುತ್ತದೆ.

ಬರೆಯುವ ಮೊದಲು ಎಂಟು ಗಂಟೆಗೆ ಟೆರೇಸಿಗೆ ಹತ್ತಿ ಟ್ಯಾಂಕ್ ಇಣುಕಿ ನೋಡಿ. ಅದು ಖಾಲಿಯಾಗಿದ್ದರೆ ಈ ಪತ್ರ ಬೇಡ. ಬೂಸ್ಟರ್ ನೀರು ತರುವುದಿಲ್ಲ, ಇದ್ದ ನೀರನ್ನು ಇನ್ನೂ ಬೇಗ ಮುಗಿಸುತ್ತದೆ. ಗೇಟ್ ವಾಲ್ವ್ ಪೂರ್ತಿ ತೆರೆದಿದೆಯಾ ಅಂತಲೂ ನೋಡಿ, ಸುಮ್ನೆ ನಗಬೇಡಿ.

ಪೈಪ್ ಬದಲಾದ ದಿನ ಪಂಪ್ ಇನ್ನೂ ಬಂದಿರಲಿಲ್ಲ. ಬಕೆಟ್ ಐದು ನಿಮಿಷದಿಂದ ಮೂರಕ್ಕೆ ಇಳಿದಿತ್ತು. ಆಮೇಲೆ ಪಂಪ್ ಬಂತು, ಶವರ್ ಬಂತು. ಈಗ ಕರೆಂಟ್ ಹೋದ ಬೆಳಗ್ಗೆ ಬೈಪಾಸ್‌ನಲ್ಲಿ ಮತ್ತೆ ಬಕೆಟ್‌ಗೆ ಮೂರು ನಿಮಿಷ. ಬಕೆಟ್ ಹಿಡಿದು ಯಾರೂ ಕೆಳಗೆ ಬರುವುದಿಲ್ಲ.