ತಂಬುಳಿ ಕೇಳಿದರೆ ‘ಸ್ಟಾರ್ ಸ್ಟಾರ್’ ಅನ್ನುವ ಸ್ಪೀಕರ್

ಪ್ರಶ್ನೆ: ನಮ್ಮ ಕಡೆಯ ಅಡುಗೆ ಹೇಳಿಕೊಡುವ ಒಂದು ಆ್ಯಪ್ ಮಾಡಿದ್ದೇನೆ. ಉತ್ತರ ಕೊಡುವುದು ಎಐ ಮಾದರಿ. ಫೋನಿನಲ್ಲಿ ಚೆಂದ ಕಾಣುತ್ತದೆ. ಸ್ಮಾರ್ಟ್ ಸ್ಪೀಕರಿಗೆ ಹಾಕಿದ ಮೇಲೆ ಅತ್ತೆ ತಂಬುಳಿ ಕೇಳಿದರೆ ‘ಸ್ಟಾರ್ ಸ್ಟಾರ್’ ಅಂತ ಶುರು ಮಾಡುತ್ತದೆ. ‘ಇದು ಸ್ಪೀಕರಿನಲ್ಲಿ ಓಡುತ್ತದೆ’ ಎಂದು ಮಾದರಿಗೆ ಕೊಡುವ ಸೂಚನೆಯಲ್ಲಿ ಬರೆದರೆ ಸಾಕೇ? ಕಾರಿಗೂ ಅದೇ ಸೂಚನೆ ನಡೆಯುತ್ತದೆಯೇ? (ಶಿರಸಿಯ ಓದುಗರು)

ಉತ್ತರ: ಬರೆಯಲೇಬೇಕು. ಉತ್ತರ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದು ಮಾದರಿಗೆ ಕಾಣುವುದಿಲ್ಲ, ನಿಮ್ಮ ಆ ಒಂದು ಸಾಲೇ ಅದಕ್ಕಿರುವ ಸುಳಿವು. ಆದರೆ ‘ಸ್ಟಾರ್’ ಹೋದ ಕೂಡಲೇ ಎಲ್ಲ ಸರಿಯಾಯಿತು ಎಂದುಕೊಳ್ಳಬೇಡಿ. ನಿಮ್ಮ ಆ್ಯಪಿನ ಉತ್ತರ ಬಹುಶಃ ಹೀಗಿರುತ್ತದೆ:

```
## ಬೇಕಾಗುವ ಸಾಮಗ್ರಿ
- **ದೊಡ್ಡಪತ್ರೆ**: 10-12 ಎಲೆ
- **ಜೀರಿಗೆ**: 1/2 ಚಮಚ
```

ಫೋನು `##` ಅನ್ನು ದಪ್ಪ ತಲೆಬರಹ, `**` ಅನ್ನು ದಪ್ಪಕ್ಷರ ಮಾಡಿ ತೋರಿಸುತ್ತದೆ. ಧ್ವನಿಯಲ್ಲಿ ಎರಡರಲ್ಲೊಂದು ಆಗುತ್ತದೆ. ಚಿಹ್ನೆಯನ್ನು ಹೆಸರು ಹಿಡಿದು ಓದುತ್ತದೆ, ಇಲ್ಲವೇ ಸದ್ದಿಲ್ಲದೆ ನುಂಗುತ್ತದೆ. ನನಗೆ ಹೆಚ್ಚು ಚಿಂತೆ ಎರಡನೆಯದರದ್ದೇ, ಯಾಕೆಂದರೆ ಅದು ತಪ್ಪು ಅಂತ ಗೊತ್ತೇ ಆಗುವುದಿಲ್ಲ. ಸಾಮಗ್ರಿ ಎಲ್ಲಿ ಮುಗಿಯಿತು, ಮಾಡುವ ಕ್ರಮ ಎಲ್ಲಿ ಶುರುವಾಯಿತು ಎಂಬ ಗೆರೆ ಅಳಿಸಿಹೋಗಿ, ಹತ್ತು ಹೆಸರು ಒಂದೇ ಉಸಿರಿನಲ್ಲಿ ಬಂದುಬಿಡುತ್ತವೆ. ಹಾಗಾಗಿ ಚಿಹ್ನೆಯನ್ನು ಅಳಿಸುವ ಜರಡಿ ಹಾಕಿದರೆ ಸಾಲದು. ಚಿಹ್ನೆ ಮಾಡುತ್ತಿದ್ದ ಕೆಲಸವನ್ನು ಮಾತು ಮಾಡಬೇಕು.

ಅತ್ತೆಯವರು ಸೊಸೆಗೆ ಬಾಯಲ್ಲಿ ಹೇಳುವಾಗ ಹೇಗೆ ಹೇಳುತ್ತಾರೆ ನೋಡಿ. ನೀವು ಹಿಡಿಯಬೇಕಾದ ದಾರಿಯೂ ಅದೇ:

“ಇದಕ್ಕೆ ಆರು ಸಾಮಾನು ಸಾಕು. ಹತ್ತು ಹನ್ನೆರಡು ದೊಡ್ಡಪತ್ರೆ ಎಲೆ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು. ಆಮೇಲೆ ಒಂದು ಚಮಚ ತುಪ್ಪ, ಅರ್ಧ ಬಟ್ಟಲು ಕಾಯಿತುರಿ, ಒಂದು ಲೋಟ ಮಜ್ಜಿಗೆ. ಉಪ್ಪು ಇದ್ದೇ ಇದೆ. ಎಲ್ಲ ತೆಗೆದಿಟ್ಟುಕೊಂಡ ಮೇಲೆ ‘ಮುಂದೆ’ ಅನ್ನಿ.”

‘ಆರು’ ಎಂದು ಮೊದಲೇ ಹೇಳಿದ್ದರಿಂದ ಕೇಳುವವರು ಬೆರಳು ಮಡಿಚಿ ಎಣಿಸುತ್ತಾರೆ, ಒಂದು ತಪ್ಪಿದರೆ ಅವರಿಗೇ ತಿಳಿಯುತ್ತದೆ. ಮೂರು ಹೆಸರಿನ ಮೇಲೆ ‘ಆಮೇಲೆ’ ಬಂದು ಉಸಿರಿಗೆ ಜಾಗ ಕೊಟ್ಟಿತು. ಕ್ರಮವೂ ಹಾಗೆಯೇ: “ತುಪ್ಪದಲ್ಲಿ ಜೀರಿಗೆ, ಮೆಣಸು ಹುರಿದು, ಅದಕ್ಕೇ ಎಲೆ ಹಾಕಿ ಬಾಡಿಸಿ. ಅದು ಆರಿದ ಮೇಲೆ ಕಾಯಿ ಜೊತೆ ಬೀಸಿ ಮಜ್ಜಿಗೆಗೆ ಸೇರಿಸಿ. ಕುದಿಸುವುದು ಬೇಡ.” ಇಲ್ಲಿ ಒಂದು, ಎರಡು ಎಂಬ ಅಂಕಿ ಬೇಕಾಗಲಿಲ್ಲ. ‘ಆರಿದ ಮೇಲೆ’ ಎನ್ನುವುದೇ ಅಂಕಿಯ ಕೆಲಸ ಮಾಡಿತು, ಯಾವಾಗ ಎಂಬುದನ್ನೂ ಹೇಳಿತು.

ಅಂಕಿ, ಸಂಕ್ಷೇಪಗಳಲ್ಲಿ ಇನ್ನೊಂದು ತೊಡಕಿದೆ. `10-12` ಎಂದಿದ್ದರೆ ನಡುವಿನ ಗೆರೆಯನ್ನು ಯಂತ್ರ ಕಳೆಯುವ ಚಿಹ್ನೆ ಮಾಡಿಬಿಡಬಹುದು. `1/2` ‘ಒಂದು ಸ್ಲ್ಯಾಶ್ ಎರಡು’ ಆಗಬಹುದು. ‘ಕಿ.ಮೀ.’ ಎಂದು ಬರೆದರೆ ಪ್ರತಿ ಚುಕ್ಕೆಗೂ ವಾಕ್ಯ ಮುಗಿದಂತೆ ನಿಲ್ಲುವುದುಂಟು. ಆದ್ದರಿಂದ ಸೂಚನೆಯಲ್ಲಿ ‘ಸಂಖ್ಯೆ, ಅಳತೆ, ಸಂಕ್ಷೇಪವನ್ನು ಬಾಯಲ್ಲಿ ಹೇಳುವಂತೆ ಅಕ್ಷರದಲ್ಲಿ ಬರೆ’ ಎಂದು ಬಿಡಿಸಿ ಹೇಳಿ.

ಕಾರಿಗೆ ಇದೇ ಸೂಚನೆ ಪೂರ್ತಿ ಒಗ್ಗುವುದಿಲ್ಲ. ಅಡುಗೆಮನೆಯಲ್ಲಿ ಕೈ ಒದ್ದೆ, ಆದರೆ ಸಮಯವಿದೆ, ‘ಇನ್ನೊಮ್ಮೆ ಹೇಳು’ ಅನ್ನಬಹುದು. ದೇವಿಮನೆ ಘಾಟಿಯ ತಿರುವಿನಲ್ಲಿ ಎದುರಿಗೆ ಲಾರಿ ಬಂದಾಗ ಕಿವಿಗೆ ಬಿದ್ದ ವಾಕ್ಯ ಕಳೆದೇ ಹೋಗುತ್ತದೆ. ಹಾಗಾಗಿ ಅಲ್ಲಿ ಉತ್ತರ ಒಂದೆರಡು ವಾಕ್ಯ, ಅದರಲ್ಲೂ ಬೇಕಾದದ್ದು ಮೊದಲ ವಾಕ್ಯದಲ್ಲೇ ಇರಲಿ. ಕುಮಟಾದಿಂದ ಹೊರಟವರು ತಂಬುಳಿಗೆ ಏನು ತರಬೇಕು ಎಂದು ಕೇಳಿದರೆ, “ದೊಡ್ಡಪತ್ರೆ, ಕಾಯಿ, ಮಜ್ಜಿಗೆ ತನ್ನಿ, ಉಳಿದದ್ದು ಮನೆಯಲ್ಲಿ ಇರುತ್ತದೆ” ಎಂದರೆ ಸಾಕು. ಪೂರ್ತಿ ಪಾಕವನ್ನು ಅಲ್ಲಿ ಬಿಚ್ಚುವುದು ಬೇಡ. ‘ಕೆಳಗಿನ ಲಿಂಕ್ ನೋಡಿ’, ‘ಪಟ್ಟಿಯಲ್ಲಿರುವಂತೆ’ ಎಂಬ ಮಾತು ಕಾರಿನಲ್ಲಿ ಬರಲೇಬಾರದು. ಅದು ಚಾಲಕರ ಕಣ್ಣನ್ನು ರಸ್ತೆಯಿಂದ ಎಳೆಯುತ್ತದೆ. ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ 2013ರಲ್ಲಿ ಕಾರಿನೊಳಗಿನ ಪರದೆಗಳ ಬಗ್ಗೆ ಕೊಟ್ಟ ಮಾರ್ಗಸೂಚಿಯಲ್ಲಿ ಒಂದು ನೋಟಕ್ಕೆ ಇಟ್ಟ ಮಿತಿ ಸುಮಾರು 2 ಸೆಕೆಂಡು. ಲಿಂಕ್ ಹುಡುಕಲು ಅಷ್ಟು ಸಾಲುವುದಿಲ್ಲ.

ಕೆಲವು ಕಾರು, ಸ್ಪೀಕರುಗಳಿಗೆ ಪರದೆಯೂ ಇರುತ್ತದೆ. ನಿಮ್ಮದರಲ್ಲಿ ಅದೇ ಉತ್ತರ ಪರದೆಗೂ ಹೋಗುವುದಾದರೆ ಅದನ್ನೂ ಸೂಚನೆಯಲ್ಲಿ ಬರೆಯಿರಿ, ಆದರೂ ಬರಹ ಚಿಹ್ನೆಯಿಲ್ಲದ ಸರಳ ವಾಕ್ಯಗಳಲ್ಲೇ ಇರಲಿ. ಅಂಥದ್ದನ್ನು ಪರದೆಯಲ್ಲಿ ಓದಲು ಏನೂ ತೊಂದರೆಯಿಲ್ಲ, ದಪ್ಪಕ್ಷರದ ಪಟ್ಟಿಯನ್ನು ಮಾತ್ರ ಕಿವಿಯಲ್ಲಿ ಓದಲಾಗುವುದಿಲ್ಲ.

ಪರೀಕ್ಷೆಗೆ ಅತ್ತೆಯವರೇ ಸರಿಯಾದ ಜನ. ಪರದೆ ಮುಚ್ಚಿ ಒಂದು ಸಲ ಕೇಳಿಸಿ, ಸಾಮಾನು ತೆಗೆದಿಡಲು ಹೇಳಿ. ಆರರಲ್ಲಿ ಯಾವುದು ಉಳಿಯಿತೋ ಆ ವಾಕ್ಯವನ್ನು ಒಡೆದು ಮತ್ತೆ ಬರೆಯಿರಿ.